ದೇವಸ್ಥಾನದಿಂದ 150 ಮೀಟರ್ ಅಂತಾರೆ, ಯಾವ ಬಾಗಿಲಿಂದ?

ಈ ಸಂಚಿಕೆ ಬರೀ ಒಂದು ನಂಬರ್ ಬಗ್ಗೆ. ಯಾತ್ರೆಗೆ ಹೋಗೋಕೆ ಅಂತ ರೂಮ್ ಬುಕ್ ಮಾಡುವಾಗ, ಲಾಡ್ಜ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತಲ್ಲ, ದೇವಸ್ಥಾನದಿಂದ ಇಷ್ಟು ಮೀಟರ್ ಅಂತ, ಆ ನಂಬರ್. ಮನೆಯಲ್ಲಿ ಯಾತ್ರೆ ಪ್ಲಾನ್ ಆದ್ರೆ ಬುಕಿಂಗ್ ಕೆಲಸ ನಮ್ಮಂಥವರ ತಲೆಗೇ ಬರುತ್ತೆ. "ನಿನ್ನ ಫೋನಲ್ಲಿ ಮಾಡಿಬಿಡು ಮಾರಾಯ್ತಿ, ದೇವಸ್ಥಾನಕ್ಕೆ ಹತ್ತಿರ ಇರೋದು ನೋಡು" ಅಂತ ಒಂದೇ ಸಾಲಿನ ಆರ್ಡರ್. ನಾವು ಏನ್ ಮಾಡ್ತೀವಿ? ಫಿಲ್ಟರ್‌ನಲ್ಲಿ ದೂರ ಕಮ್ಮಿ ಇರೋದು ಮೇಲೆ ಬರೋ ಹಾಗೆ ಒತ್ತಿ, ಮೊದಲನೇದಕ್ಕೆ ದುಡ್ಡು ಕಟ್ತೀವಿ.

ನಾನು ಬಿ.ಕಾಂ ಓದಿದವಳು. ಯಾರಾದ್ರೂ ಒಂದು ಅಂಕಿ ಕೊಟ್ರೆ, ಅದು ಯಾವುದರಿಂದ ಯಾವುದಕ್ಕೆ ಅಂತ ಕೇಳೋ ಚಟ ಇನ್ನೂ ಬಿಟ್ಟಿಲ್ಲ. ಹಾಗಾಗಿ ಅಮ್ಮ ಮತ್ತೆ ದೊಡ್ಡಮ್ಮನ ರಾಮೇಶ್ವರದ ಯಾತ್ರೆಗೆ ರೂಮ್ ನೋಡುವಾಗ ಮೂರು ಲಾಡ್ಜ್‌ಗಳನ್ನ ಇಟ್ಕೊಂಡು ಕೂತು ಲೆಕ್ಕ ಹಾಕಿದೆ. ಆ ಲೆಕ್ಕ ಇವತ್ತು ನಿಮ್ಮ ಮುಂದೆ. ಲಾಡ್ಜ್‌ಗಳ ಹೆಸರು ಹೇಳಲ್ಲ, ಯಾಕಂದ್ರೆ ಅವರು ಯಾರೂ ಸುಳ್ಳು ಹೇಳಿಲ್ಲ. ಇಡೀ ವಿಷಯದಲ್ಲಿ ಮಜಾ ಇರೋದೇ ಅಲ್ಲಿ. ಎಲ್ಲರೂ ಹೇಳಿದ್ದು ನಿಜ, ಆದ್ರೂ ಮಂಡಿನೋವಿರೋ ದೊಡ್ಡಮ್ಮ ಬರಿಗಾಲಲ್ಲಿ ಎರಡೂವರೆ ಕಿಲೋಮೀಟರ್ ಹತ್ತಿರ ನಡೀಬೇಕಾಗಿ ಬರ್ತಿತ್ತು.

ಮೊದಲು ಜಾಗ ಹೇಗಿದೆ ಅಂತ ಕಣ್ಮುಂದೆ ತಂದ್ಕೊಳ್ಳಿ. ರಾಮೇಶ್ವರ ಒಂದು ದ್ವೀಪ, ಪಾಂಬನ್ ದ್ವೀಪ. ರಾಮನಾಥಸ್ವಾಮಿ ದೇವಸ್ಥಾನ ಆ ಊರಿನ ಪೂರ್ವದ ಅಂಚಿನಲ್ಲಿ, ಸಮುದ್ರಕ್ಕೆ ಹತ್ತಿರ ಇದೆ. ಹೊರಗೋಡೆಯ ಅಳತೆ ಪೂರ್ವ-ಪಶ್ಚಿಮ 865 ಅಡಿ, ಉತ್ತರ-ದಕ್ಷಿಣ 657 ಅಡಿ. ಮೀಟರ್‌ನಲ್ಲಿ ಹೇಳಬೇಕು ಅಂದ್ರೆ ಸುಮಾರು 264 ಉದ್ದ, 200 ಅಗಲ. ಎರಡು ಫುಟ್‌ಬಾಲ್ ಮೈದಾನ ಒಂದರ ಹಿಂದೆ ಒಂದು ಇಟ್ರೂ ಅದರ ಉದ್ದ ಮುಗಿಯಲ್ಲ. ಗೋಡೆಯ ನಾಲ್ಕೂ ಕಡೆ ನಾಲ್ಕು ಬೀದಿ. ಬೋರ್ಡ್‌ನಲ್ಲಿ ಈಸ್ಟ್ ಕಾರ್ ಸ್ಟ್ರೀಟ್, ವೆಸ್ಟ್ ಕಾರ್ ಸ್ಟ್ರೀಟ್ ಅಂತ ಇರುತ್ತೆ. ಇಲ್ಲಿ ಕಾರ್ ಅಂದ್ರೆ ತೇರು, ಮಂಗಳೂರಿನ ಕಾರ್ ಸ್ಟ್ರೀಟ್ ಥರಾನೇ. ಕಾರ್ ಪಾರ್ಕಿಂಗ್ ಇರೋ ಬೀದಿ ಅಂದ್ಕೊಂಡು ಗಾಡಿ ತಗೊಂಡು ಹೋಗಬೇಡಿ.

ಪೂರ್ವದ ಗೋಪುರ 126 ಅಡಿ, ಪಶ್ಚಿಮದ್ದು 78 ಅಡಿ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಫೋಟೋ ನೋಡುವಾಗ ಕೆಲಸಕ್ಕೆ ಬರುತ್ತೆ. ಪೂರ್ವ ಗೋಪುರದಿಂದ ಹೊರಗೆ ಬಂದು ಸನ್ನಿಧಿ ಬೀದೀಲಿ ನೇರ ನಡೆದ್ರೆ ಸುಮಾರು ನೂರು ಮೀಟರ್‌ನಲ್ಲಿ ಸಮುದ್ರ. ಅದೇ ಅಗ್ನಿತೀರ್ಥ.

ಈಗ ಆ್ಯಪ್ ಏನ್ ಮಾಡುತ್ತೆ ನೋಡೋಣ. ಬಹಳಷ್ಟು ಬುಕಿಂಗ್ ಆ್ಯಪ್‌ಗಳಲ್ಲಿ ದೂರ ಅಂದ್ರೆ ಎರಡು ಚುಕ್ಕೆಗಳ ಮಧ್ಯೆ ಎಳೆದ ನೇರ ಗೆರೆ. ಒಂದು ಚುಕ್ಕೆ ಲಾಡ್ಜ್, ಇನ್ನೊಂದು ದೇವಸ್ಥಾನ. ಹಕ್ಕಿ ಹಾರಿದ ಹಾಗೆ. ಗೋಡೆ ಇದೆಯಾ, ಬೀದಿ ತಿರುಗಿದೆಯಾ, ಅದಕ್ಕೆ ಗೊತ್ತಿಲ್ಲ. ಎರಡನೇ ತೊಂದ್ರೆ, ದೇವಸ್ಥಾನದ ಚುಕ್ಕೆ ಎಲ್ಲಿದೆ ಅನ್ನೋದು. ಸಾಮಾನ್ಯವಾಗಿ ಅದು ದೇವಸ್ಥಾನದ ನಡುವೆ, ಗರ್ಭಗುಡಿಯ ಆಸುಪಾಸಿನಲ್ಲಿ ಇರುತ್ತೆ. ಚಿಕ್ಕ ಗುಡಿಯಾದ್ರೆ ಇದರಿಂದ ಏನೂ ವ್ಯತ್ಯಾಸ ಇಲ್ಲ. 264 ಮೀಟರ್ ಉದ್ದದ ದೇವಸ್ಥಾನದಲ್ಲಿ ನಡುವಿನಿಂದ ಬಾಗಿಲಿಗೇ 130 ಮೀಟರ್. ಅದೂ ಪೂರ್ವಕ್ಕೂ ಅಷ್ಟೇ, ಪಶ್ಚಿಮಕ್ಕೂ ಅಷ್ಟೇ. ಆ್ಯಪ್‌ಗೆ ಎರಡೂ ಒಂದೇ.

ನನ್ನ ಲಿಸ್ಟ್‌ನಲ್ಲಿದ್ದ ಮೊದಲನೇ ಲಾಡ್ಜ್, ದೇವಸ್ಥಾನದಿಂದ 150 ಮೀಟರ್. ಎರಡನೇದು 300 ಮೀಟರ್. ಮೂರನೇದು 1.1 ಕಿಲೋಮೀಟರ್, ರೈಲ್ವೆ ಸ್ಟೇಷನ್ ಕಡೆ, ರೇಟ್ ಅರ್ಧಕ್ಕರ್ಧ ಕಮ್ಮಿ. ಯಾರಾದ್ರೂ ಏನ್ ಮಾಡ್ತಾರೆ? 150ರದ್ದನ್ನ ಒತ್ತುತ್ತಾರೆ.

150 ಮೀಟರ್‌ನದ್ದು ಇದ್ದಿದ್ದು ವೆಸ್ಟ್ ಕಾರ್ ಸ್ಟ್ರೀಟ್‌ನಲ್ಲಿ. ನಡುವಿನ ಚುಕ್ಕೆಯಿಂದ ಪಶ್ಚಿಮದ ಗೋಡೆಗೆ 130, ಮೇಲೆ ರಸ್ತೆ ದಾಟೋಕೆ 20. ಲೆಕ್ಕ ಸರಿಯಾಗೇ ಇದೆ. ಆದ್ರೆ ಸಮುದ್ರ, ಅಗ್ನಿತೀರ್ಥ, ದೊಡ್ಡ ಗೋಪುರ ಎಲ್ಲಾ ಇರೋದು ಆ ಕಡೆ, ಪೂರ್ವಕ್ಕೆ. ಅಲ್ಲಿಗೆ ಹೋಗಬೇಕು ಅಂದ್ರೆ ಗೋಡೆ ಸುತ್ತಬೇಕು. ಪಶ್ಚಿಮ ಬಾಗಿಲಿಂದ ಮೂಲೆವರೆಗೆ ನೂರು ಮೀಟರ್ ಚಿಲ್ಲರೆ, ಅಲ್ಲಿಂದ ಉದ್ದದ ಬೀದಿ ಮುನ್ನೂರು ಹತ್ತಿರ, ಮತ್ತೆ ಪೂರ್ವದ ಮೂಲೆಯಿಂದ ಬಾಗಿಲವರೆಗೆ ಇನ್ನೊಂದು ನೂರು ಚಿಲ್ಲರೆ. ಬೀದಿ ಗೋಡೆಗೆ ಅಂಟಿಕೊಂಡಿರಲ್ಲ, ಸ್ವಲ್ಪ ಹೊರಗಿರುತ್ತೆ, ಹಾಗಾಗಿ ಎಲ್ಲಾ ಸೇರಿ ಸುಮಾರು 550 ಮೀಟರ್ ಅಂತ ಇಟ್ಕೊಳ್ಳಿ.

300 ಮೀಟರ್ ಅಂತ ತೋರಿಸಿದ ಎರಡನೇ ಲಾಡ್ಜ್ ಪೂರ್ವದ ಕಡೆ ಇತ್ತು. 300ರಲ್ಲಿ 130 ದೇವಸ್ಥಾನದ ಒಳಗೇ ಕಳೆದುಹೋಯ್ತು. ಉಳಿದಿದ್ದು 170. ಬೀದಿಯ ತಿರುವು ಸೇರಿಸಿ 200 ಅನ್ನಿ. ಅಂದ್ರೆ ಆ್ಯಪ್‌ನಲ್ಲಿ ಎರಡು ಪಟ್ಟು ದೂರ ಇದ್ದದ್ದು ನಡಿಗೆಯಲ್ಲಿ ಅರ್ಧಕ್ಕಿಂತ ಹತ್ತಿರ.

"ಅರೆ, ಪಶ್ಚಿಮದ ಬಾಗಿಲಿಂದ ಒಳಗೆ ಹೋಗಿ, ಒಳಗೊಳಗೇ ನಡೆದು ಪೂರ್ವಕ್ಕೆ ಬಂದ್ರೆ ಆಯ್ತಲ್ಲ" ಅಂತ ನನ್ನ ತಮ್ಮನೂ ಕೇಳಿದ. ಬರೀ ದರ್ಶನ ಮಾಡಿ ಬರೋದಾದ್ರೆ ಆಗಬಹುದು. ಆದ್ರೆ ರಾಮೇಶ್ವರಕ್ಕೆ ಹೋಗೋರಲ್ಲಿ ಬಹಳ ಜನ ಬರೀ ದರ್ಶನಕ್ಕೆ ಹೋಗಲ್ಲ. ಮೊದಲು ಸಮುದ್ರದಲ್ಲಿ, ಅಗ್ನಿತೀರ್ಥದಲ್ಲಿ ಮುಳುಗಬೇಕು. ಆಮೇಲೆ ಅದೇ ಒದ್ದೆ ಬಟ್ಟೇಲಿ ದೇವಸ್ಥಾನದ ಒಳಗಿರೋ 22 ತೀರ್ಥ, ಅಂದ್ರೆ ಬಾವಿಗಳು, ಒಂದೊಂದರ ಹತ್ತಿರಾನೂ ಹೋಗಿ ಬಕೆಟ್‌ನಲ್ಲಿ ಸೇದಿ ತಲೆ ಮೇಲೆ ಹುಯ್ಯೋ ನೀರಿಗೆ ತಲೆ ಕೊಡಬೇಕು. ಅದಾದ ಮೇಲೆ ಒಣ ಬಟ್ಟೆ ಉಟ್ಟು ದರ್ಶನ. ಕ್ಯೂ, ಬ್ಯಾರಿಕೇಡ್ ಎಲ್ಲಾ ಇರೋ ಜಾಗ. ಕೈಯಲ್ಲಿ ಬ್ಯಾಗ್ ಹಿಡ್ಕೊಂಡು ಅಡ್ಡದಾರಿ ಥರ ದಾಟಿಕೊಂಡು ಹೋಗೋಕೆ ಅದು ಬಸ್ ಸ್ಟ್ಯಾಂಡ್ ಅಲ್ಲ. ಮೊಬೈಲೂ ಒಳಗೆ ಬಿಡಲ್ಲ.

ಇಲ್ಲಿ ಒಂದು ಮಾತು. ತೀರ್ಥದ ಸಾಲು ಯಾವ ಬಾಗಿಲಿಂದ ಶುರು, ಯಾವ ಬಾಗಿಲಿಂದ ಹೊರಗೆ ಅನ್ನೋದು ಜನಸಂದಣಿ ನೋಡ್ಕೊಂಡು ಬದಲಾಗಬಹುದು. ನಾನು ಲೆಕ್ಕಕ್ಕೆ ಪೂರ್ವದ ಬಾಗಿಲನ್ನೇ ಹಿಡಿದಿದ್ದೀನಿ. ನೀವು ಹೋಗೋ ವಾರದಲ್ಲಿ ಏನಿದೆ ಅಂತ ಲಾಡ್ಜ್‌ನವರನ್ನ ಕೇಳಿ, ಅವರಿಗೆ ದಿನಾ ನೋಡಿ ಗೊತ್ತಿರುತ್ತೆ.

ಈಗ ನಿಜವಾದ ಲೆಕ್ಕ. ದೂರ ಒಂದು ಸಲ ನಡೆಯೋದಲ್ಲ, ಎಷ್ಟು ಸಲ ನಡೀತೀರಾ ಅದರಿಂದ ಗುಣಿಸಬೇಕು. ಅಮ್ಮನ ಪ್ಲಾನ್ ಹೀಗಿತ್ತು. ಬೆಳಗಿನ ಜಾವ ಐದು ಗಂಟೆಗೆ ಸ್ಫಟಿಕ ಲಿಂಗದ ದರ್ಶನ ಇರುತ್ತೆ, ಅದು ಬೆಳಗಿನ ಜಾವ ಮಾತ್ರ, ಅದನ್ನ ಬಿಡಬಾರದು. ಅಲ್ಲಿಂದ ಹಾಗೇ ಸಮುದ್ರಕ್ಕೆ. ಸ್ನಾನ ಮುಗಿಸಿ 22 ತೀರ್ಥ. ಆಮೇಲೆ ರೂಮಿಗೆ ಬಂದು ಬಟ್ಟೆ ಬದಲಾಯಿಸಿ, ಮತ್ತೆ ಹೋಗಿ ದರ್ಶನ. ಮತ್ತೆ ರೂಮಿಗೆ, ಊಟ, ನಿದ್ದೆ.

ಪಶ್ಚಿಮದ ಲಾಡ್ಜ್‌ನಿಂದ ಇದನ್ನ ನಡೆದು ನೋಡಿ. ರೂಮಿನಿಂದ ಪೂರ್ವದ ಬಾಗಿಲಿಗೆ 550. ಬಾಗಿಲಿಂದ ಸಮುದ್ರಕ್ಕೆ 100, ಸಮುದ್ರದಿಂದ ಬಾಗಿಲಿಗೆ 100. ತೀರ್ಥ ಮುಗಿಸಿ ಒದ್ದೆ ಬಟ್ಟೇಲಿ ರೂಮಿಗೆ 550. ಬಟ್ಟೆ ಬದಲಾಯಿಸಿ ವಾಪಸ್ 550. ದರ್ಶನ ಮುಗಿಸಿ ರೂಮಿಗೆ 550. ಒಟ್ಟು 2,400 ಮೀಟರ್. ದೇವಸ್ಥಾನದ ಒಳಗೆ ನಡೆಯೋದು, ಕ್ಯೂನಲ್ಲಿ ನಿಲ್ಲೋದು ಇದರಲ್ಲಿ ಸೇರಿಲ್ಲ, ಅದು ಯಾವ ಲಾಡ್ಜ್ ಆದ್ರೂ ಒಂದೇ.

ಪೂರ್ವದ ಲಾಡ್ಜ್‌ನಿಂದ ನಾಲ್ಕು ಸಲ 200, ಮೇಲೆ ಸಮುದ್ರಕ್ಕೆ ಹೋಗಿ ಬರೋ 200. ಒಟ್ಟು ಒಂದು ಕಿಲೋಮೀಟರ್.

ನೀವು ಹೇಳಬಹುದು, 1.4 ಕಿಲೋಮೀಟರ್ ವ್ಯತ್ಯಾಸ ತಾನೇ, ಏನ್ ಮಹಾ ಅಂತ. ನಿಮಗೆ ಏನೂ ಇಲ್ಲ, ನನಗೂ ಇಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ನಡಿಗೆಯ ಸಮಯ ತೋರಿಸುತ್ತಲ್ಲ, ಅದು ಸರಿಸುಮಾರು ನಿಮಿಷಕ್ಕೆ 80 ಮೀಟರ್ ನಡೆಯೋರ ಲೆಕ್ಕ. ನಮ್ಮಂಥವರ ನಡಿಗೆ. ನಮ್ಮ ದೊಡ್ಡಮ್ಮ ಮಂಡಿಗೆ ಬೆಲ್ಟ್ ಹಾಕ್ಕೊಂಡು, ಬರಿಗಾಲಲ್ಲಿ, ಕಾಲಿಗೆ ಅಂಟಿಕೊಳ್ಳೋ ಒದ್ದೆ ಸೀರೇಲಿ ನಡೆದ್ರೆ ನಿಮಿಷಕ್ಕೆ 40 ಮೀಟರ್ ಆದ್ರೆ ಹೆಚ್ಚು. ಇದನ್ನ ಊಹೆ ಮಾಡಿದ್ದಲ್ಲ. ನಮ್ಮನೆಯಿಂದ ಮೂಲೆಯ ಗಣಪತಿ ಗುಡಿಗೆ 200 ಮೀಟರ್, ಅವರ ಜೊತೆ ನಡೆದು ಫೋನ್‌ನಲ್ಲಿ ಟೈಮ್ ನೋಡಿದೆ, ಐದು ನಿಮಿಷ ಆಯ್ತು. ನಿಮ್ಮ ಮನೆಯ ಹಿರಿಯರ ಜೊತೆ ನೀವೂ ಒಮ್ಮೆ ಹೀಗೆ ಮಾಡಿ, ಆಮೇಲೆ ಬೇರೆ ಯಾವ ನಂಬರೂ ಬೇಡ. ಆ ಲೆಕ್ಕದಲ್ಲಿ ಪಶ್ಚಿಮದ ಲಾಡ್ಜ್ ಅಂದ್ರೆ ಒಂದು ಗಂಟೆ ನಡಿಗೆ, ಪೂರ್ವದ್ದು 25 ನಿಮಿಷ. ಅದರಲ್ಲೂ ಕಷ್ಟದ ತುಂಡು ಯಾವುದು ಗೊತ್ತಾ? ಒದ್ದೆ ಬಟ್ಟೇಲಿ ರೂಮಿಗೆ ಬರೋದು. ಒಂದು ಕಡೆ 14 ನಿಮಿಷ, ಇನ್ನೊಂದು ಕಡೆ ಐದು. ಬಿಸಿಲು ಏರಿದ್ರೆ ಬೀದಿ ಸುಡೋಕೆ ಶುರುವಾಗುತ್ತೆ, ಕಾಲಲ್ಲಿ ಚಪ್ಪಲಿ ಇಲ್ಲ.

ಚಪ್ಪಲಿ ಅಂದಾಗ ನೆನಪಾಯ್ತು. ಚಪ್ಪಲಿ ಹಾಕ್ಕೊಂಡು ಹೋಗಿ ಯಾವುದೋ ಬಾಗಿಲ ಹತ್ತಿರದ ಸ್ಟ್ಯಾಂಡ್‌ನಲ್ಲಿ ಬಿಟ್ರೆ, ವಾಪಸ್ ಅದೇ ಬಾಗಿಲಿಗೆ ಬರಬೇಕು. ಒಳಗೆ ಸುತ್ತಿ ಸುತ್ತಿ ಬೇರೆ ಬಾಗಿಲಿಂದ ಹೊರಬಿದ್ರೆ ಚಪ್ಪಲಿಗೋಸ್ಕರ ಗೋಡೆ ಸುತ್ತೋ ಪಾದಯಾತ್ರೆ. ರೂಮ್ ಹತ್ತಿರ ಇದ್ರೆ ಚಪ್ಪಲಿ ರೂಮಲ್ಲೇ ಬಿಟ್ಟು ಹೋಗೋದು ನೆಮ್ಮದಿ.

ಸರಿ, ಇದನ್ನ ನಿಮ್ಮ ಫೋನ್‌ನಲ್ಲಿ ನೋಡೋದು ಹೇಗೆ? ಹತ್ತು ನಿಮಿಷದ ಕೆಲಸ. ಮ್ಯಾಪ್ಸ್ ತೆಗೆದು ದೇವಸ್ಥಾನದ ಹೆಸರು ಹುಡುಕಿ, ಆದ್ರೆ ಅದಕ್ಕೆ Directions ಒತ್ತಬೇಡಿ. ಸ್ಯಾಟಲೈಟ್ ಚಿತ್ರಕ್ಕೆ ಬದಲಾಯಿಸಿ, ಝೂಮ್ ಮಾಡಿ. ಆಯತಾಕಾರದ ದೇವಸ್ಥಾನ ಮೇಲಿಂದ ಚೆನ್ನಾಗಿ ಕಾಣುತ್ತೆ, ಸಮುದ್ರ ಬಲಗಡೆ. ಸಮುದ್ರದ ಕಡೆಯ ಗೋಡೆಯ ನಡುವಿನಲ್ಲಿ ಗೋಪುರ ಇರುತ್ತೆ. ಆ ಗೋಪುರದ ಮುಂದಿನ ರಸ್ತೆಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದ್ರೆ ಕೆಂಪು ಪಿನ್ ಬೀಳುತ್ತೆ. ಅದನ್ನ ಸೇವ್ ಮಾಡಿ, ಪೂರ್ವ ಬಾಗಿಲು ಅಂತ ಹೆಸರು ಕೊಡಿ. ಇನ್ಮೇಲೆ ಎಲ್ಲಾ ಲಾಡ್ಜ್‌ಗೂ ಅಳತೆ ಈ ಪಿನ್‌ನಿಂದಲೇ.

ಆಮೇಲೆ ಲಾಡ್ಜ್ ಹುಡುಕಿ, ಅಲ್ಲಿಂದ ಈ ಪಿನ್‌ಗೆ ದಾರಿ ಕೇಳಿ, ಕಾರ್ ಚಿತ್ರ ಬಿಟ್ಟು ನಡೆಯೋ ಮನುಷ್ಯನ ಚಿತ್ರ ಒತ್ತಿ. ಚುಕ್ಕಿ ಚುಕ್ಕಿ ದಾರಿ ಬರುತ್ತಲ್ಲ, ಅದನ್ನ ಪೂರ್ತಿ ಕಣ್ಣಲ್ಲಿ ನಡೆದು ನೋಡಿ. ಚುಕ್ಕಿಗಳು ದೇವಸ್ಥಾನದ ಗೋಡೆ ದಾಟಿ ಒಳಗಿನ ಪ್ರಾಕಾರದಲ್ಲಿ ಹಾದು ಹೋಗಿದ್ರೆ ಆ ಮೀಟರ್ ನಂಬಬೇಡಿ. ಆಗ ಪಿನ್ ಮೇಲೆ ಒತ್ತಿ, ಕೆಳಗಿನ ಪಟ್ಟಿಯಲ್ಲಿ Measure distance ಅಂತ ಇರುತ್ತೆ, ಅದನ್ನ ತಗೊಂಡು ಬೀದಿ ಮೂಲೆ ಮೂಲೆಗೂ ಒಂದೊಂದು ಚುಕ್ಕೆ ಸೇರಿಸ್ತಾ ಹೋಗಿ. ಗೋಡೆ ಸುತ್ತಿದ ದೂರ ನೀವೇ ಅಳೆದ ಹಾಗಾಯ್ತು. ನಾನು ಹೇಳಿದ 550 ಸರಿಯಾ ಅಂತಾನೂ ಹೀಗೇ ಪರೀಕ್ಷೆ ಮಾಡಬಹುದು, ಬೇಜಾರಿಲ್ಲ.

ಇಷ್ಟಾದ್ರೂ ಒಂದು ಅನುಮಾನ ಉಳಿಯುತ್ತೆ. ಲಾಡ್ಜ್‌ನ ಪಿನ್ ಸರಿಯಾದ ಜಾಗದಲ್ಲಿದೆಯಾ? ಪಿನ್ ಹಾಕೋದು ಲಾಡ್ಜ್‌ನವರೋ, ಯಾರೋ ಗ್ರಾಹಕರೋ. ಬುಕಿಂಗ್ ಆ್ಯಪ್‌ನಲ್ಲಿ ಒಂದು ಕಡೆ, ಮ್ಯಾಪ್‌ನಲ್ಲಿ ಇನ್ನೊಂದು ಕಡೆ ಇರೋದು ಅಪರೂಪ ಏನಲ್ಲ. ಒಂದೇ ಹೆಸರಿನ ಎರಡು ಕಟ್ಟಡ ಇರೋದೂ ಉಂಟು. ಹಳೇದು ದೇವಸ್ಥಾನದ ಹತ್ತಿರ, ಹೊಸದು ಅನೆಕ್ಸ್ ಅಂತ ದೂರದಲ್ಲಿ. ಫೋಟೋ ಹೊಸದರದ್ದು, ವಿಳಾಸ ಹಳೇದರದ್ದು. ಹಾಗಾಗಿ ನಾನು ವಿಳಾಸದ ಬೀದಿ ಹೆಸರು ಓದ್ತೀನಿ, ಆಮೇಲೆ ಲಾಡ್ಜ್ ಹಾಕಿದ ಫೋಟೋ ಬಿಟ್ಟು ತಂಗಿದವರು ಹಾಕಿದ ಫೋಟೋ ನೋಡ್ತೀನಿ. ಯಾರಾದ್ರೂ ಬಾಲ್ಕನಿಯಿಂದ, ಟೆರೇಸ್‌ನಿಂದ ಗೋಪುರದ ಫೋಟೋ ತೆಗೆದೇ ತೆಗೆದಿರ್ತಾರೆ. ಅದು ಎತ್ತರದ ಗೋಪುರಾನಾ, ಗಿಡ್ಡದಾ? ಅದಕ್ಕೇ ಆಗ 126 ಮತ್ತು 78 ನೆನಪಿಡಿ ಅಂದಿದ್ದು. ಮೊದಲನೇ ಲಾಡ್ಜ್‌ನ ಟೆರೇಸ್ ಫೋಟೋದಲ್ಲಿ ಹತ್ತಿರದಲ್ಲಿ ಗಿಡ್ಡ ಗೋಪುರ, ದೂರದಲ್ಲಿ ದೊಡ್ಡದು ಕಾಣ್ತಿತ್ತು. ಅಲ್ಲಿಗೆ ಅದು ಪಶ್ಚಿಮ ಅಂತ ಖಾತ್ರಿ.

ಕೊನೆಗೆ ಫೋನ್. ಇದನ್ನ ನಮ್ಮ ವಯಸ್ಸಿನವರು ಮಾಡಲ್ಲ, ಯಾರಿಗೋ ಕಾಲ್ ಮಾಡಿ ಮಾತಾಡಬೇಕಲ್ಲ ಅಂತ ಸಂಕೋಚ. ಮಾಡಿ. ಆದ್ರೆ "ದೇವಸ್ಥಾನ ಎಷ್ಟು ದೂರ?" ಅಂತ ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಎಲ್ಲಾ ಊರಲ್ಲೂ ಒಂದೇ ಉತ್ತರ. ನಾನು ಮೊದಲನೇ ಲಾಡ್ಜ್‌ಗೆ ಕಾಲ್ ಮಾಡಿದಾಗ ರಿಸೆಪ್ಷನ್‌ನವರು, "ಟೆಂಪಲ್ ಎದುರೇ ಮೇಡಂ, ಬಾಗ್ಲು ತೆಗೆದ್ರೆ ಗೋಪುರ" ಅಂದ್ರು, ಒಳ್ಳೇ ಕನ್ನಡದಲ್ಲೇ. ನಮ್ಮ ಕಡೆಯವರು ಅಷ್ಟು ಬರ್ತಾರೆ ಅಲ್ಲಿಗೆ. ನಾನು ಕೇಳಿದೆ, "ಯಾವ ಗೋಪುರ ಅಣ್ಣ, ಪೂರ್ವದ್ದಾ ಪಶ್ಚಿಮದ್ದಾ?" ಒಂದು ಕ್ಷಣ ಸುಮ್ಮನಿದ್ದು, "ಪಶ್ಚಿಮ ಮೇಡಂ" ಅಂದ್ರು. "ವಯಸ್ಸಾದವರಿದ್ದಾರೆ, ಅಗ್ನಿತೀರ್ಥಕ್ಕೆ ನಡ್ಕೊಂಡು ಎಷ್ಟು ನಿಮಿಷ?" ಅಂದೆ. ಆಗ ಅವರೇ, "ಅಮ್ಮನವ್ರಿಗೆ ಕಾಲು ನೋವಿದ್ರೆ ಆ ಕಡೆನೇ ರೂಮ್ ನೋಡಿ ಮೇಡಂ" ಅಂದುಬಿಟ್ರು. ಸರಿಯಾಗಿ ಕೇಳಿದ್ರೆ ಸರಿಯಾಗಿ ಹೇಳೋ ಜನ ಬಹಳ ಇದ್ದಾರೆ.

ಕನ್ನಡ ಬರದಿದ್ರೆ ಹರಕುಮುರುಕು ತಮಿಳು ಸಾಕು. ಪೂರ್ವಕ್ಕೆ ಕಿೞಕ್ಕು, ಪಶ್ಚಿಮಕ್ಕೆ ಮೇರ್ಕು. "ಎಂದ ಗೋಪುರಂ, ಕಿೞಕ್ಕಾ ಮೇರ್ಕಾ?" ಅಂದ್ರೆ ಅರ್ಥ ಆಗುತ್ತೆ. ಆ ನಡುವಿನ ಅಕ್ಷರ ನಾಲಿಗೆಗೆ ಬರದಿದ್ರೆ ಕಿಳಕ್ಕು ಅನ್ನಿ, ನಡೆಯುತ್ತೆ. "ನಡಂದು ಪೋನಾ ಎತ್ತನೆ ನಿಮಿಷಂ?" ಅಂದ್ರೆ ನಡೆದು ಹೋದ್ರೆ ಎಷ್ಟು ನಿಮಿಷ. ಅದರ ಜೊತೆ ಲಾಡ್ಜ್‌ನ ಲೊಕೇಶನ್ ವಾಟ್ಸಾಪ್ ಮಾಡಿ ಅಂತ ಕೇಳಿ. ರಿಸೆಪ್ಷನ್‌ನಲ್ಲಿ ಕೂತವರ ಫೋನ್‌ನಿಂದ ಬರೋ ಕರೆಂಟ್ ಲೊಕೇಶನ್ ಮ್ಯಾಪ್‌ನ ಹಳೇ ಪಿನ್‌ಗಿಂತ ನಂಬಿಕಸ್ಥ. ಇನ್ನೊಂದು, ಆಟೋ ಬಾಗಿಲವರೆಗೆ ಬರುತ್ತಾ ಅಂತ ಕೇಳಿ. ದೇವಸ್ಥಾನದ ಸುತ್ತಿನ ಬೀದಿಗಳಲ್ಲಿ ಜನ ಜಾಸ್ತಿ ಇರೋ ದಿನ ಗಾಡಿ ತಡೀತಾರೆ. ಆಗ ಲಗೇಜ್ ಹಿಡ್ಕೊಂಡು ನಡೆಯೋ ದೂರವೇ ಬೇರೆ ಲೆಕ್ಕ. ಆಷಾಢ ಮಾಸದ ಆಡಿ ಅಮಾವಾಸ್ಯೆ, ತೈ ಅಮಾವಾಸ್ಯೆ ದಿನ ಪಿತೃಕಾರ್ಯಕ್ಕೆ ಬರೋ ಜನಸಾಗರ ಅಲ್ಲಿ. ಆ ದಿನಗಳಲ್ಲಿ ಹೋಗೋದಾದ್ರೆ ಈ ಪ್ರಶ್ನೆ ಬಿಡಲೇಬೇಡಿ.

ಅಮ್ಮ ಪಕ್ಕದಲ್ಲಿ ಕೂತು ಇದನ್ನೆಲ್ಲಾ ಕೇಳ್ತಾ, "ಇಷ್ಟೆಲ್ಲಾ ಕೇಳ್ದೆ, ಲಿಫ್ಟ್ ಇದೆಯಾ ಅಂತ ಕೇಳೇ" ಅಂದ್ರು. ನ್ಯಾಯವಾದ ಮಾತು. ಎರಡು ಮಹಡಿ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿದ್ರೆ ಉಳಿಸಿದ ಮೀಟರ್ ಎಲ್ಲಾ ಅಲ್ಲೇ ಹೋಯ್ತು. ಪೂರ್ವದ ಲಾಡ್ಜ್‌ನಲ್ಲಿ ಲಿಫ್ಟ್ ಇರಲಿಲ್ಲ, ಆದ್ರೆ ಕೆಳಗಿನ ಮಹಡೀಲಿ ಎರಡು ರೂಮ್ ಇತ್ತು. ಅದರಲ್ಲಿ ಒಂದನ್ನ ಹೆಸರು ಬರೆಸಿ ಹಿಡಿಸಿದೆ. ಪಶ್ಚಿಮದ್ದು ರಾತ್ರಿಗೆ 1,800, ಇದು 2,400. ಆರುನೂರು ಜಾಸ್ತಿ ಕೊಟ್ಟೆ. ದೊಡ್ಡಮ್ಮನಿಗೆ ರೇಟ್ ಹೇಳಿಲ್ಲ, ಹೇಳಿದ್ರೆ ನಾನು ನಡೀತೀನಿ ಬಿಡು ಅಂತಿದ್ರು.

ಮೂರನೇ ಲಾಡ್ಜ್ ಮರೆತಿಲ್ಲ. 1.1 ಕಿಲೋಮೀಟರ್‌ನದ್ದು, ಸ್ಟೇಷನ್ ಕಡೆಯದು. ಪೂರ್ವದ ಬಾಗಿಲಿಗೆ ನಡಿಗೆಯಲ್ಲಿ ಅಳೆದ್ರೆ ಒಂದೂವರೆ ದಾಟಿತು. ಅಷ್ಟು ದೂರವನ್ನ ಯಾರೂ ನಾಲ್ಕು ಸಲ ನಡೆಯಲ್ಲ, ಆಟೋನೇ. ಅಂದ್ರೆ ಉಳಿದ ಬಾಡಿಗೆಯಿಂದ ನಾಲ್ಕು ಆಟೋ ಖರ್ಚು ಕಳೆಯಬೇಕು, ಒದ್ದೆ ಬಟ್ಟೇಲಿ ಹತ್ತಿಸಿಕೊಳ್ಳೋ ಆಟೋ ಸಿಗಬೇಕು, ಬೆಳಗಿನ ಜಾವ ನಾಲ್ಕೂವರೆಗೆ ಆಟೋ ಹೇಳಿಡಬೇಕು. ಹುಡುಗರು ನಾಲ್ಕು ಜನ ಹೋಗೋದಾದ್ರೆ ನಾನು ಅದನ್ನೇ ಹೇಳ್ತೀನಿ, ಆರಾಮಾಗಿ ನಡ್ಕೊಂಡು ಹೋಗಿ. ರಾತ್ರಿ ರೈಲು ಹಿಡಿಯೋರಿಗೂ ಅದೇ ಅನುಕೂಲ.

ಪಶ್ಚಿಮದ್ದನ್ನೂ ನಾನು ಪೂರ್ತಿ ತಳ್ಳಿಹಾಕಲ್ಲ. ತೀರ್ಥಸ್ನಾನ ಬೇಡ, ಬರೀ ದರ್ಶನ, ಆಮೇಲೆ ಧನುಷ್ಕೋಡಿ ನೋಡಿ ಹೊರಡ್ತೀವಿ ಅನ್ನೋರಿಗೆ, ಪಶ್ಚಿಮದ ಬಾಗಿಲಿಂದ ಒಳಗೆ ಬಿಡ್ತಾರಾ, ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿಕೊಂಡ್ರೆ ಅದೇ ಒಳ್ಳೇದು. ಸ್ವಂತ ಗಾಡಿ ತರೋರಿಗೆ ಪಾರ್ಕಿಂಗ್ ಎಲ್ಲಿದೆಯೋ ಅದೇ ಮುಖ್ಯ, ಗೋಪುರ ಆಮೇಲೆ. ಪೂರ್ವದ ಕಡೆ ರೂಮ್‌ಗಳು ಚಿಕ್ಕವು, ಬೆಳಗಿನ ಜಾವದಿಂದಲೇ ಬೀದೀಲಿ ಜನರ ಸದ್ದು. ನಿದ್ದೆ ಬೇಕು ಅನ್ನೋರಿಗೆ ಅಲ್ಲ. ಬಾಗಿಲಿಗೆ ಹತ್ತಿರ ಇದ್ರೆ ಕ್ಯೂ ಏನೂ ಗಿಡ್ಡ ಆಗಲ್ಲ, ಅದನ್ನೂ ಹೇಳಿಬಿಡ್ತೀನಿ.

ದುಡ್ಡಿನ ವಿಷಯ ಒಂದೇ ಮಾತು. ಈ ಪರೀಕ್ಷೆ ಮುಗಿಯೋವರೆಗೆ ರದ್ದು ಮಾಡಿದ್ರೆ ಪೂರ್ತಿ ವಾಪಸ್ ಅಂತ ಇರೋ ರೇಟನ್ನೇ ಆರಿಸಿ, ನೂರಿನ್ನೂರು ಜಾಸ್ತಿ ಆದ್ರೂ ಪರವಾಗಿಲ್ಲ. ರದ್ದು ಮಾಡೋಕೆ ಕೊನೆಯ ದಿನ ಮತ್ತೆ ಗಂಟೆ ಯಾವುದು ಅಂತ ನೋಡಿ ಫೋನ್‌ನಲ್ಲಿ ಅಲಾರಂ ಇಡಿ. ಆ ದಿನಕ್ಕೆ ಮುಂಚೆ ಕಾಲ್ ಮಾಡಿ, ಲೊಕೇಶನ್ ತರಿಸಿ, ಅಳೆದು ಮುಗಿಸಿ. ಬುಕ್ ಮಾಡಿದ ಪುಟದ ಸ್ಕ್ರೀನ್‌ಶಾಟ್, ವಿಳಾಸ ಕಾಣೋ ಹಾಗೆ, ತೆಗೆದಿಟ್ಕೊಳ್ಳಿ. ಅಲ್ಲಿ ಹೋದ ಮೇಲೆ "ಆ ಬಿಲ್ಡಿಂಗ್ ಫುಲ್, ನಮ್ಮದೇ ಇನ್ನೊಂದಿದೆ, ಬನ್ನಿ" ಅಂದ್ರೆ ತೋರಿಸೋಕೆ ಅದೊಂದೇ ನಿಮ್ಮ ಕೈಲಿರೋದು.

ಇದೇ ಅಳತೆ ಮಧುರೈಗೂ ಹಾಕಿ ನೋಡಿ, ಮೀನಾಕ್ಷಿ ದೇವಸ್ಥಾನಕ್ಕೂ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರ. ರಾಮೇಶ್ವರಕ್ಕೆ ಹೋಗೋರು ಹೇಗೂ ಅಲ್ಲಿ ಒಂದು ರಾತ್ರಿ ಇರ್ತೀರಾ. ನೀವು ಅಳೆದ ದೂರ, ಆ್ಯಪ್ ತೋರಿಸಿದ ದೂರ, ಎರಡನ್ನೂ ಬರೆದು ಕಳಿಸಿ, ಬೀದಿಯ ಹೆಸರಿನ ಜೊತೆ. ಮುಂದಿನ ವಾರ ಸಿಗ್ತೀನಿ.